ಲಿಫ್ಟಿನಲ್ಲಿ ಏನು ಮಾತಾಡೋದು?

"ಅಕ್ಕಾ, ನಾವು ಲೀಡ್ಸ್‌ಗೆ ಬಂದು ನಾಲ್ಕು ತಿಂಗಳಾಯಿತು. ಗುರುವಾರ ಅಕೌಂಟ್ಸ್ ಕೆಲಸಕ್ಕೆ ಇಂಟರ್‌ವ್ಯೂ ಇದೆ, ಆಫೀಸಿಗೇ ಕರೆದಿದ್ದಾರೆ. ಕೆಲಸದ ಪ್ರಶ್ನೆಗಳಿಗೆಲ್ಲ ಓದಿಕೊಂಡಿದ್ದೇನೆ. ಆದರೆ ಕಳೆದ ಸಲ ಬೇರೆ ಕಡೆ ಹೋದಾಗ, ಶುರುವಾಗೋ ಮುಂಚೆ ಅವರು ಸುಮ್ನೆ ಏನೇನೋ ಕೇಳಿದರು, ನನಗೆ ಬಾಯೇ ಬರಲಿಲ್ಲ. ಆಗ ಏನು ಮಾತಾಡಬೇಕು?"

ನಿಮಗೆ ಬಾಯಿ ಬರಲಿಲ್ಲ, ಅಷ್ಟೇ ತಾನೆ? ನನಗೆ ಬಂದಿತ್ತು. ಅದೇ ಎಡವಟ್ಟಾಗಿದ್ದು.

ಇದೇ ಊರಲ್ಲಿ ನನ್ನ ಮೊದಲ ಇಂಟರ್‌ವ್ಯೂ. ರಿಸೆಪ್ಷನ್‌ಗೆ ಬಂದ ಹೆಂಗಸು ಕೈಕುಲುಕಿ, ಲಿಫ್ಟಿನ ಗುಂಡಿ ಒತ್ತುತ್ತಾ, "ಡಿಡ್ ಯು ಫೈಂಡ್ ಅಸ್ ಆಲ್‌ರೈಟ್?" ಅಂದರು. ನಾವು ನಿಮಗೆ ಹೇಗನ್ನಿಸಿದೆವು ಅಂತ ಕೇಳುತ್ತಿದ್ದಾರೆ ಅಂದುಕೊಂಡೆ. "ಯೆಸ್, ವೆರಿ ನೈಸ್ ಕಂಪನಿ" ಅಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, ಆಮೇಲೆ ನೆಲ ನೋಡಿದರು. ಮೂರನೇ ಮಹಡಿ ಬರುವ ತನಕ ಇಬ್ಬರೂ ಮಾತಿಲ್ಲ. ದಾರಿ ಸುಲಭವಾಗಿ ಸಿಕ್ಕಿತಾ ಅಂತ ಕೇಳಿದ್ದರು ಪಾಪ. ನನಗೆ ಅದು ಹೊಳೆದದ್ದು ವಾಪಸ್ ಬಸ್ಸಿನಲ್ಲಿ ಕೂತ ಮೇಲೆ.

ಇಲ್ಲಿ ಈ ಮಾತು ನಡೆಯೋದು ಹೆಚ್ಚಾಗಿ ರಿಸೆಪ್ಷನ್ನಿಂದ ರೂಮಿನ ತನಕ ನಡೆಯುವಾಗ, ಆಮೇಲೆ ನೀರು, ಟೀ ತರುವಾಗ. ಎಲ್ಲ ಸೇರಿ ಮೂರ್ನಾಲ್ಕು ನಿಮಿಷ. ಪ್ರಶ್ನೆಗಳೂ ಸುತ್ತಿ ಸುತ್ತಿ ಅವೇ. ದಾರಿ ಸಿಕ್ಕಿತಾ, ದೂರದಿಂದ ಬಂದಿರಾ, ಹೊರಗೆ ಇನ್ನೂ ಮಳೆ ಇದೆಯಾ, ವಾರಾಂತ್ಯಕ್ಕೆ ಏನು ಪ್ಲಾನ್. ಇದರಲ್ಲಿ ಯಾವುದಕ್ಕೂ ಮಾಹಿತಿ ಬೇಕಾಗಿಲ್ಲ. ನಮ್ಮ ಕಡೆ "ಊಟ ಆಯ್ತಾ?" ಅಂದರೆ ಯಾರಾದರೂ ಸಾರು ಏನು, ಪಲ್ಯ ಏನು ಅಂತ ಲೆಕ್ಕ ಒಪ್ಪಿಸುತ್ತಾರಾ? "ಆಯ್ತು, ನಿಮ್ದು?" ಅಂದರೆ ಮುಗೀತು. ಇಲ್ಲಿಯ "ಯೂ ಆಲ್‌ರೈಟ್?" ಹಾಗೇ. ಆರೋಗ್ಯದ ವಿಚಾರಣೆ ಅಲ್ಲ. "ಗುಡ್, ಥ್ಯಾಂಕ್ಸ್, ಯೂ?" ಅಂದರೆ ಸಾಕು. ಅಂದಹಾಗೆ ರಿಸೆಪ್ಷನ್‌ನಲ್ಲಿ ಕೂತವರು "ಯೂ ಆಲ್‌ರೈಟ್, ಲವ್?" ಅಂದರೆ ಬೆಚ್ಚಬೇಡಿ. ಯಾರ್ಕ್‌ಷೈರ್ ಕಡೆ ಬಸ್ ಡ್ರೈವರು, ತರಕಾರಿಯವರು ಎಲ್ಲರೂ ಎಲ್ಲರಿಗೂ ಲವ್ ಅನ್ನುತ್ತಾರೆ. ನಾವು ಗುರುತಿಲ್ಲದವರನ್ನೂ ಅಮ್ಮ, ಅಕ್ಕ ಅನ್ನೋದಿಲ್ವಾ, ಹಾಗೆ.

ಹವಾಮಾನದ ಮಾತಿಗೂ ನಮ್ಮಲ್ಲೇ ಕೀಲಿಕೈ ಇದೆ. ಇವರು "ಕೋಲ್ಡ್ ಟುಡೇ, ಇಸಿಂಟ್ ಇಟ್?" ಅಂದರೆ ಆ ಕೊನೆಯ ಬಾಲ ಇದೆಯಲ್ಲ, ಅದು ನಮ್ಮ "ಅಲ್ವಾ". "ಚಳಿ ಜಾಸ್ತಿ ಅಲ್ವಾ?" ಅಂದವರಿಗೆ ನಾವು "ಹೂಂ, ತುಂಬಾ" ಅನ್ನುತ್ತೇವೆಯೇ ಹೊರತು ವಾದ ಮಾಡೋದಿಲ್ಲ. ಹೊಸದಾಗಿ ಬಂದ ನಮ್ಮವರು ಇಲ್ಲೇ ಜಾರುತ್ತಾರೆ. "ಇಲ್ಲ, ನನಗೇನೂ ಚಳಿ ಅನ್ನಿಸ್ತಿಲ್ಲ" ಅಂತಲೋ, "ನಮ್ಮ ಊರಲ್ಲಿ ಈಗ ಮೂವತ್ತೆರಡು ಡಿಗ್ರಿ" ಅಂತಲೋ ಶುರು ಮಾಡುತ್ತಾರೆ. ಮೊದಲು ಒಪ್ಪಿಕೊಳ್ಳಿ. ಆಮೇಲೆ ಬೇಕಾದರೆ ನಿಮ್ಮದೊಂದು ಸಣ್ಣ ಮಾತು ಸೇರಿಸಿ.

ಆ ಮಾತಿನಿಂದ ಕೆಲಸ ಸಿಗುತ್ತಾ? ಇಲ್ಲ. ಕೌನ್ಸಿಲ್, ಎನ್‌ಎಚ್‌ಎಸ್ ಅಂಥ ಕಡೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಅಂಕ ಬರೆದುಕೊಳ್ಳುತ್ತಾರೆ. ಲಿಫ್ಟಿನ ಮಾತಿಗೆ ಆ ಹಾಳೆಯಲ್ಲಿ ಜಾಗ ಇರೋದಿಲ್ಲ. ಆದರೂ ಅದನ್ನು ಬಿಡಬೇಡಿ ಅನ್ನುತ್ತೇನೆ, ಕಾರಣ ನಿಮ್ಮ ಕಿವಿ. ಸಂಗೀತ ಕಚೇರಿ ಶುರುವಾಗೋ ಮುಂಚೆ ತಂಬೂರಿ ಶ್ರುತಿ ಮಾಡಿಕೊಳ್ಳುತ್ತಾರಲ್ಲ, ಈ ಮೂರು ನಿಮಿಷ ಅದಕ್ಕೆ. ಇಲ್ಲಿಯವರ ಉಚ್ಚಾರಣೆ ಟಿವಿಯ ಇಂಗ್ಲಿಷ್ ಅಲ್ಲ. "ಬಸ್" ಅನ್ನೋದು "ಬುಸ್" ಅಂತ ಕೇಳಿಸುತ್ತದೆ, "ಕಪ್" ಅನ್ನೋದು "ಕುಪ್". "ದ" ಅನ್ನೋ ಪದವನ್ನು ಕೆಲವರು ಅರ್ಧ ನುಂಗುತ್ತಾರೆ. ಇದಕ್ಕೆ ಕಿವಿ ಹೊಂದಿಕೊಳ್ಳೋಕೆ ಒಂದೆರಡು ನಿಮಿಷ ಬೇಕು. ಅವರಿಗೂ ಅಷ್ಟೇ, ನಮ್ಮ ಇಂಗ್ಲಿಷಿನ ಲಯ ಹಿಡಿಯಬೇಕು. ಮಳೆಯ ಮಾತಲ್ಲಿ ಒಂದು ಪದ ತಪ್ಪಿ ಕೇಳಿಸಿದರೆ ನಷ್ಟ ಇಲ್ಲ. ಬ್ಯಾಂಕ್ ರಿಕನ್ಸಿಲಿಯೇಷನ್ ಪ್ರಶ್ನೆಯಲ್ಲಿ ಹಾಗಾದರೆ ಕಷ್ಟ. ಹಾಗಾಗಿ ಕೇಳಿಸದಿದ್ದರೆ ಲಿಫ್ಟಿನಲ್ಲೇ ಧೈರ್ಯವಾಗಿ "ಸಾರಿ, ಐ ಮಿಸ್ಡ್ ದಟ್" ಅಂದುಬಿಡಿ. ಅವರು ತಾವೇ ಸ್ವಲ್ಪ ನಿಧಾನ ಮಾಡುತ್ತಾರೆ. ಆ ನಿಧಾನ ಹೆಚ್ಚಾಗಿ ರೂಮಿನ ಒಳಗೂ ಮುಂದುವರಿಯುತ್ತದೆ.

ಇದೆಲ್ಲ ಆಗಬೇಕಾದರೆ ನೀವೂ ಎರಡು ವಾಕ್ಯ ಆಡಬೇಕು. ಬರೀ "ಯೆಸ್" ಅಂದರೆ ಯಾರ ಕಿವಿಗೂ ಏನೂ ಸಿಗೋದಿಲ್ಲ. ನಾನು ಈಗ ಮಾಡೋದು ಹೀಗೆ: ಉತ್ತರ, ಅದಕ್ಕೊಂದು ಸಣ್ಣ ವಿವರ, ಆಮೇಲೆ ಚೆಂಡು ಅವರ ಕಡೆ. ಗುರುವಾರಕ್ಕೇ ಇಟ್ಟು ನೋಡೋಣ. ನೀವು ಸ್ಟೇಷನ್ ತನಕ ಬಸ್ಸಿನಲ್ಲಿ ಬಂದು, ಅಲ್ಲಿಂದ ನಡೆದು ಹೋದಿರಿ ಅನ್ನಿ.

ಅವರು: "ದಾರಿ ಸಿಕ್ಕಿತಾ?"

ನೀವು: "ಸಿಕ್ಕಿತು, ಥ್ಯಾಂಕ್ಯೂ. ಸ್ಟೇಷನ್ನಿಂದ ನಡೆದು ಬಂದೆ. ಬ್ರಿಜ್‌ವಾಟರ್ ಪ್ಲೇಸ್ ಹತ್ತಿರ ಗಾಳಿ ಜೋರಿತ್ತು. ಅಲ್ಲಿ ಯಾವಾಗಲೂ ಹೀಗೇನಾ?"

ಅವರು: "ಅಯ್ಯೋ, ಯಾವಾಗಲೂ. ನಾನು ಎಷ್ಟು ಕೊಡೆ ಕಳಕೊಂಡಿದ್ದೀನೋ. ಲೀಡ್ಸ್‌ಗೆ ಬಂದು ತುಂಬಾ ದಿನ ಆಯಿತಾ?"

ನೀವು: "ನಾಲ್ಕು ತಿಂಗಳು. ಹೋದ ಭಾನುವಾರ ಮೊದಲ ಸಲ ರೌಂಡ್‌ಹೇ ಪಾರ್ಕಿಗೆ ಹೋಗಿದ್ದೆವು. ಅಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ."

ಇಷ್ಟರಲ್ಲಿ ರೂಮು ಬಂತು. ಎಷ್ಟು ಕಡಿಮೆ ಮಾತು ನೋಡಿ. ಆ ಗಾಳಿಯ ವಿಷಯ ಸಿಕ್ಕಿದ್ದಕ್ಕೆ ಉತ್ತರ ಹೇಳೋಕೆ ಅವರಿಗೂ ಖುಷಿ. ಆ ಎತ್ತರದ ಕಟ್ಟಡದ ಬುಡದಲ್ಲಿ ಗಾಳಿ ಸುತ್ತಿಕೊಂಡು ಬೀಸೋದು ಊರಿಗೆಲ್ಲ ಗೊತ್ತು. ಆದರೆ ಅದರ ಮೇಲೆ ಜೋಕ್ ಕಟ್ಟಬೇಡಿ. 2011ರಲ್ಲಿ ಗಾಳಿಗೆ ಅಲ್ಲಿ ಲಾರಿ ಉರುಳಿ ಒಬ್ಬರು ಸತ್ತರು, ಊರಿನವರು ಮರೆತಿಲ್ಲ. ಗಾಳಿ ಜೋರು ಅಂದು ಬಿಟ್ಟುಬಿಡಿ. ಇನ್ನು "ಬಂದು ಎಷ್ಟು ದಿನ ಆಯಿತು" ಅಂದ ತಕ್ಷಣ ಗಂಡನ ವೀಸಾ, ಡಿಪೆಂಡೆಂಟ್, ಎಲ್ಲಿವರೆಗೆ ಅವಧಿ ಅಂತ ಶುರು ಮಾಡಬೇಡಿ. ಕೆಲಸ ಮಾಡೋ ಹಕ್ಕಿದೆಯಾ ಅಂತ ಎಲ್ಲರದ್ದೂ ಪರೀಕ್ಷೆ ಮಾಡಲೇಬೇಕು, ಅದಕ್ಕೆ ಬೇರೆ ಹೊತ್ತಿದೆ. ಲಿಫ್ಟಿನಲ್ಲಿ ಕೇಳಿದ್ದು ಊರು ಹಿಡಿಸಿತಾ ಅಂತ ಮಾತ್ರ.

ನೀವು ಹೇಳಿದ್ದಕ್ಕೆ ಅವರು "ಓ, ಲವ್ಲಿ" ಅಂದರೆ ನಿಲ್ಲಿಸಿ. ಅದು ಹೊಗಳಿಕೆ ಅಲ್ಲ, "ಹೌದಾ, ಸರಿ" ಅಂದ ಹಾಗೆ. ನಾನು ಎಷ್ಟೋ ಸಲ ಲವ್ಲಿ ಅಂದರಲ್ಲ ಅಂತ ಇನ್ನೂ ಎರಡು ನಿಮಿಷ ಎಳೆದಿದ್ದೇನೆ.

ನೀರೋ ಟೀಯೋ ಕೇಳಿದರೆ ಬೇಕು ಅನ್ನಿ. ನಮ್ಮಲ್ಲಿ ಮೊದಲ ಸಲ "ಅಯ್ಯೋ ಬೇಡ" ಅನ್ನೋದು ಮರ್ಯಾದೆ, ಅವರು ಮತ್ತೆ ಒತ್ತಾಯ ಮಾಡಬೇಕು. ಇಲ್ಲಿ ಒಂದೇ ಸಲ ಕೇಳೋದು. ಬೇಡ ಅಂದರೆ ಬೇಡ, ಮುಕ್ಕಾಲು ಗಂಟೆ ಒಣ ಗಂಟಲಲ್ಲಿ ಮಾತಾಡಬೇಕು. ನಾನು ನೀರನ್ನೇ ಕೇಳುತ್ತೇನೆ. ಬಿಸಿ ಟೀ ಕಪ್ ಕೈಯಲ್ಲಿ ಹಿಡಿದು ಬಾಗಿಲು ತೆಗೆಯೋದು ಯಾರಿಗೆ ಬೇಕು. ಜೊತೆಗೆ, ಕಷ್ಟದ ಪ್ರಶ್ನೆ ಬಂದಾಗ ಒಂದು ಗುಟುಕು ನೀರು ಕುಡಿದರೆ ಯೋಚಿಸೋಕೆ ಸಮಯ ಸಿಗುತ್ತದೆ.

ನಿಮ್ಮ ಹೆಸರು ಹೇಗೆ ಹೇಳೋದು ಅಂತ ಕೇಳಬಹುದು. ಅದಕ್ಕೆ ಮುಜುಗರ ಬೇಡ, ಒಳ್ಳೆಯದಕ್ಕೇ ಕೇಳೋದು. ಭುವನೇಶ್ವರಿ ಅಂಥ ಹೆಸರಿದ್ದರೆ ನಿಧಾನವಾಗಿ ಬಿಡಿಸಿ ಒಂದು ಸಲ ಹೇಳಿ, "ಭುವನಾ ಅಂದರೂ ಸರಿ" ಅನ್ನಿ. "ಏನು ಬೇಕಾದರೂ ಕರೀರಿ" ಅನ್ನಬೇಡಿ, ಅವರಿಗೆ ಅದು ಇನ್ನೂ ಕಷ್ಟ. ಅವರನ್ನು ಮಾತ್ರ ಅವರು ಹೇಳಿಕೊಂಡ ಮೊದಲ ಹೆಸರಿನಿಂದಲೇ ಕರೆಯಿರಿ. ಸರ್, ಮ್ಯಾಡಮ್ ಅಂದರೆ ಶಾಲೆಯ ಮೇಷ್ಟ್ರನ್ನು ಕರೆದ ಹಾಗಾಗುತ್ತದೆ ಇಲ್ಲಿ. ನನಗೆ ಇದು ರೂಢಿಯಾಗೋಕೆ ಒಂದು ವರ್ಷ ಹಿಡಿಯಿತು. ಹೆಸರು ಕರೆಯೋಕೆ ನಾಲಿಗೆ ಏಳದಿದ್ದರೆ ಏನೂ ಕರೆಯಬೇಡಿ, ನಡೆಯುತ್ತದೆ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಚೆಂಡು ಅವರ ಕಡೆ ಹಾಕುವಾಗ "ನಿಮಗೆ ಮಕ್ಕಳೆಷ್ಟು?" ಅಂತ ಕೇಳಬೇಡಿ. ನಮಗದು ಆತ್ಮೀಯತೆ. ಇಲ್ಲಿ 2010ರ ಸಮಾನತೆ ಕಾಯ್ದೆ ಪ್ರಕಾರ ಮದುವೆ, ಬಸಿರು, ವಯಸ್ಸು, ಧರ್ಮದ ಕಾರಣಕ್ಕೆ ಭೇದ ಮಾಡಿದರೆ ಕಂಪನಿ ಕೋರ್ಟು ಹತ್ತಬೇಕಾಗುತ್ತದೆ. ಅದಕ್ಕೇ ಇಂಟರ್‌ವ್ಯೂ ಮಾಡುವವರು ಅತ್ತ ಸುಳಿಯೋದೇ ಇಲ್ಲ. ನೀವಾಗಿ "ಮಗಳನ್ನು ನರ್ಸರಿಗೆ ಬಿಟ್ಟು ಓಡಿ ಬಂದೆ" ಅಂದರೆ ಎದುರಿನವರ ಮುಖ ಬಿಗಿಯಾಗೋದನ್ನು ನೋಡಬಹುದು. ಮಗು ಇಷ್ಟವಿಲ್ಲ ಅಂತಲ್ಲ. ನಾಳೆ ಕೆಲಸ ಸಿಗದಿದ್ದರೆ ಅದಕ್ಕೇ ಕೊಡಲಿಲ್ಲ ಅಂತ ಆಗಬಾರದು, ಆ ಭಯ. ಆರೋಗ್ಯದ್ದೂ ಹಾಗೆ. ಕೆಲಸ ಕೊಡ್ತೀವಿ ಅನ್ನೋ ಮುಂಚೆ ಅದನ್ನು ಕೇಳೋದಕ್ಕೆ ಅದೇ ಕಾಯ್ದೆ ಕಡಿವಾಣ ಹಾಕಿದೆ. ಅವರಾಗಿಯೇ ತಮ್ಮ ಮಗನ ಫುಟ್‌ಬಾಲ್ ಬಗ್ಗೆ ಹೇಳಿದರೆ ನಕ್ಕು ಒಂದು ಮಾತಾಡಿ, ಅಲ್ಲಿಗೆ ಬಿಡಿ.

ಕೂತ ಮೇಲೆ ಅವರು "ರೈಟ್" ಅನ್ನುತ್ತಾರೆ. ಕೆಲವರು ತೊಡೆಯ ಮೇಲೆ ಮೆಲ್ಲಗೆ ಕೈ ತಟ್ಟಿ ಅನ್ನುತ್ತಾರೆ, ಕೆಲವರು ಪೇಪರ್ ಸರಿಮಾಡಿಕೊಳ್ಳುತ್ತಾ. ಅದು ಸರಿ ಅಂತಲೂ ಅಲ್ಲ, ಬಲಗಡೆ ಅಂತಲೂ ಅಲ್ಲ. ಹರಟೆ ಮುಗೀತು ಅಂತ. ನೀವು ರೌಂಡ್‌ಹೇ ಪಾರ್ಕಿನ ಕೆರೆಯ ಅರ್ಧದಲ್ಲಿದ್ದರೂ ಅಲ್ಲೇ ನಿಲ್ಲಿಸಿ. ಆಮೇಲೆ ಒಬ್ಬರು ಪ್ರಶ್ನೆ ಕೇಳುವಾಗ ಇನ್ನೊಬ್ಬರು ತಲೆ ತಗ್ಗಿಸಿ ಬರೆಯುತ್ತಿರುತ್ತಾರೆ. ಲಿಫ್ಟಿನಲ್ಲಿ ನಗುನಗುತ್ತಾ ಇದ್ದವರು ಈಗ ಯಾಕೆ ಹೀಗೆ ಅಂತ ಹೆದರಬೇಡಿ. ನೀವು ಹೇಳಿದ್ದನ್ನೇ ಬರೆದುಕೊಳ್ಳುತ್ತಿರೋದು.

ಕೆಲವರು ಹುಟ್ಟಾ ಮಾತು ಕಡಿಮೆ. "ದಿಸ್ ವೇ, ಪ್ಲೀಸ್" ಅಂದು ಮುಂದೆ ನಡೆದುಬಿಡುತ್ತಾರೆ. ಅಂಥವರ ಹಿಂದೆ ನೀವೂ ಸುಮ್ಮನೆ ನಡೆಯಿರಿ, ಆ ಮೌನ ತುಂಬಿಸೋಕೆ ಹೋಗಬೇಡಿ.

ಬುಧವಾರ ಸಂಜೆ ಆ ಆಫೀಸಿನ ಬಾಗಿಲ ತನಕ ಒಮ್ಮೆ ಹೋಗಿ ಬನ್ನಿ. ಬಸ್ ಎಷ್ಟು ಹೊತ್ತು ತಗೊಂಡಿತು, ಎಲ್ಲಿ ರಸ್ತೆ ಅಗೆದಿದ್ದಾರೆ, ಪಕ್ಕದಲ್ಲಿ ಯಾವ ಕಾಫಿ ಅಂಗಡಿ ಇದೆ ನೋಡಿಕೊಳ್ಳಿ. ದಾರಿ ಸಿಕ್ಕಿತಾ ಅಂತ ಅವರು ಕೇಳೇ ಕೇಳುತ್ತಾರೆ.