ಸೆಲೆಕ್ಟರ್ ಸೊನ್ನೆ ಸಾಲು ಕೊಟ್ಟಾಗ ಎಚ್ಚರಿಕೆ ಕಳಿಸಿದರೆ ಸಾಕೇ?

ಪ್ರಶ್ನೆ: ದಿನಕ್ಕೊಮ್ಮೆ ಓಡುವ ಸ್ಕ್ರೇಪರ್ ಇದೆ. ತಾಣದವರು ವಿನ್ಯಾಸ ಬದಲಿಸಿದರೆ ಸೆಲೆಕ್ಟರ್ ಸುಮ್ಮನೆ ಖಾಲಿ ಪಟ್ಟಿ ಕೊಡುತ್ತದೆ. ಸೊನ್ನೆ ಬಂದ ಕೂಡಲೇ ಫೋನಿಗೆ ಸಂದೇಶ ಬರುವಂತೆ ಮಾಡಬೇಕೆಂದಿದ್ದೇನೆ. ಯಾವ ಮಾನಿಟರಿಂಗ್ ಟೂಲ್ ಒಳ್ಳೆಯದು?

ಉತ್ತರ:

ನೀವು ಮಾಡಬೇಕೆಂದಿರುವುದನ್ನೇ ನಾನು ಮಾಡಿದ್ದೆ. ಸಂದೇಶ ಸರಿಯಾದ ಸಮಯಕ್ಕೇ ಬಂತು, ನಾನು ನೋಡಲಿಲ್ಲ. ಲಕ್ಷ್ಮೇಶ್ವರ ಕಡೆಯ ಒಬ್ಬ ವ್ಯಾಪಾರಿಗೆ ಅದರಿಂದ 33,000 ರೂಪಾಯಿ ಹೋಯಿತು.

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಕೆಲಸ. ಬ್ಯಾಡಗಿ ಪೇಟೆಯ ಒಣಮೆಣಸಿನಕಾಯಿ ಧಾರಣೆಯನ್ನು ಒಂದು ತಾಣದಿಂದ ತೆಗೆದು, ಚಂದಾ ಕಟ್ಟಿದ ವ್ಯಾಪಾರಿಗಳಿಗೆ ದಿನವೂ ರಾತ್ರಿ ಮೆಸೇಜು ಕಳಿಸುತ್ತೇನೆ. ಡಬ್ಬಿ, ಕಡ್ಡಿ, ಗುಂಟೂರು ಎಂದು ತಳಿವಾರು ಕನಿಷ್ಠ ಮತ್ತು ಗರಿಷ್ಠ ದರ, ಅಷ್ಟೇ. ಸ್ಕ್ರಿಪ್ಟ್ ರಾತ್ರಿ ಎಂಟಕ್ಕೆ ಓಡುತ್ತದೆ.

ಬ್ಯಾಡಗಿಯ ಪೇಟೆ ನಡೆಯುವುದು ಸೋಮವಾರ ಮತ್ತು ಗುರುವಾರ. ಉಳಿದ ಐದು ದಿನ ತಾಣದಲ್ಲಿ ಸಾಲುಗಳೇ ಇರುವುದಿಲ್ಲ. ಪೈಥಾನ್‌ನಲ್ಲಿ `soup.select()` ಏನೂ ಸಿಗದಿದ್ದರೆ ದೋಷ ಎಸೆಯುವುದಿಲ್ಲ, ಖಾಲಿ ಪಟ್ಟಿ ಕೊಡುತ್ತದೆ. ಅದರ ಮೇಲೆ ಬರೆದ `for` ಒಂದು ಸುತ್ತೂ ತಿರುಗದೆ ಮುಗಿಯುತ್ತದೆ, ಸ್ಕ್ರಿಪ್ಟ್ ಯಶಸ್ವಿಯಾಗಿ ನಿಲ್ಲುತ್ತದೆ. ಇದು ಗೊತ್ತಿದ್ದುದರಿಂದಲೇ ನಾನು ಜಾಣನಂತೆ ಒಂದು ಸಾಲು ಸೇರಿಸಿದ್ದೆ: ಸಾಲುಗಳ ಸಂಖ್ಯೆ ಸೊನ್ನೆಯಾದರೆ ಟೆಲಿಗ್ರಾಂ ಗುಂಪಿಗೆ `rows=0` ಎಂದು ಕಳಿಸು.

ಮೊದಲ ವಾರ ಐದು ಸಂದೇಶ ಬಂದವು. ಮಂಗಳವಾರದ್ದನ್ನು ತೆರೆದು ನೋಡಿದೆ, ಪೇಟೆ ಇರಲಿಲ್ಲ. ಬುಧವಾರದ್ದನ್ನೂ ನೋಡಿದೆ. ಎರಡನೆಯ ವಾರದಿಂದ ತೆರೆಯುವುದನ್ನು ಬಿಟ್ಟೆ, ಮೂರನೆಯ ವಾರ ಆ ಗುಂಪನ್ನೇ ಮ್ಯೂಟ್ ಮಾಡಿದೆ. ಫೆಬ್ರವರಿಯ ಒಂದು ಗುರುವಾರ ತಾಣದವರು `tr.item` ಇದ್ದುದನ್ನು `tr.rate-row` ಮಾಡಿದರು. ಅಂದು ರಾತ್ರಿ ಎಂಟಕ್ಕೂ `rows=0` ಬಂತು. ನಷ್ಟವಾದದ್ದು ತಿಳಿದ ಮೇಲೆ ಫೋನು ತೆಗೆದು ಮೇಲಕ್ಕೆ ಸರಿಸಿ ನೋಡಿದೆ. ಮೂವತ್ತಕ್ಕೂ ಹೆಚ್ಚು ಸಂದೇಶಗಳು, ಎಲ್ಲದರಲ್ಲೂ ಅದೇ ಆರು ಅಕ್ಷರ. ಗುರುವಾರದ್ದಕ್ಕೂ ಬುಧವಾರದ್ದಕ್ಕೂ ಒಂದು ಚುಕ್ಕೆಯ ವ್ಯತ್ಯಾಸವಿರಲಿಲ್ಲ. ಮ್ಯೂಟ್ ಮಾಡದೇ ಇದ್ದಿದ್ದರೂ ಅದನ್ನು ಬೆರಳಿನಿಂದ ಒರೆಸಿ ಹಾಕುತ್ತಿದ್ದೆ ಎಂಬುದೇ ನನ್ನ ಅನುಮಾನ.

ಇದಕ್ಕೆ ಇನ್ನೊಂದು ತಪ್ಪು ಜೊತೆಯಾಯಿತು. ಮೆಸೇಜು ಕಳಿಸುವ ಭಾಗ ಡೇಟಾಬೇಸಿನಲ್ಲಿರುವ ಕೊನೆಯ ಧಾರಣೆಯನ್ನು ಎತ್ತಿಕೊಂಡು, ಮೇಲೆ ಆ ದಿನದ ತಾರೀಕು ಹಾಕುತ್ತಿತ್ತು. ಹೀಗಾಗಿ ಗುರುವಾರ ರಾತ್ರಿ ಹೋದದ್ದು ಸೋಮವಾರದ ದರ, ಗುರುವಾರದ ತಾರೀಕಿನಲ್ಲಿ. ಪೇಟೆಯಲ್ಲಿ ಅಂದು ಕ್ವಿಂಟಲ್‌ಗೆ 1,500 ರೂಪಾಯಿ ಇಳಿದಿತ್ತು. ನಮ್ಮ ವ್ಯಾಪಾರಿ ಶುಕ್ರವಾರ ಬೆಳಿಗ್ಗೆ ನನ್ನ ಮೆಸೇಜನ್ನು ನಂಬಿ ಹಳ್ಳಿಗಳಲ್ಲಿ 22 ಕ್ವಿಂಟಲ್ ಖರೀದಿಸಿದರು. ಸೋಮವಾರ ಮಧ್ಯಾಹ್ನ ಬ್ಯಾಡಗಿಯ ದಲಾಲಿ ಅಂಗಡಿಯಿಂದಲೇ ಫೋನು ಮಾಡಿದರು. ಬೈಯಲಿಲ್ಲ. "ತಮ್ಮಾ, ಒಂದು ವಾರದಿಂದ ನಿನ್ನ ರೇಟು ಒಂದು ರೂಪಾಯಿಯೂ ಅಲುಗಾಡಿಲ್ಲ, ಗಮನಿಸಿದ್ದೀಯಾ?" ಎಂದರು. ನನ್ನ ಯಂತ್ರಕ್ಕೆ ತಿಳಿಯದ್ದು ಅವರ ಕಣ್ಣಿಗೆ ಬಿದ್ದಿತ್ತು, ಆದರೆ ಖರೀದಿ ಮುಗಿದ ಮೇಲೆ. ಆರು ತಿಂಗಳ ಚಂದಾ ವಾಪಸು ಕೊಟ್ಟೆ. ಅದು ಯಾವ ಮೂಲೆಗೆ?

ಆದ್ದರಿಂದ ಟೂಲ್ ಯಾವುದು ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಸೊನ್ನೆ ಎರಡು ಬಗೆಯದು ಎಂಬುದನ್ನು ಮೊದಲು ಒಪ್ಪಿಕೊಳ್ಳಿ. ಪುಟ ಸರಿಯಾಗಿದ್ದು ಹೇಳಲು ಏನೂ ಇಲ್ಲದಿರುವುದು ಒಂದು. ಪುಟದಲ್ಲಿ ಎಲ್ಲವೂ ಇದ್ದು ನಿಮಗೆ ಕಾಣದಿರುವುದು ಇನ್ನೊಂದು. ಸಾಲು ಎಣಿಸಿ ಇವೆರಡನ್ನು ಬೇರ್ಪಡಿಸಲಾಗದು. ಸ್ಟೇಟಸ್ ಕೋಡ್‌ನಿಂದಲೂ ಆಗದು, ಎರಡಕ್ಕೂ 200 ಬರುತ್ತದೆ. ಸೊನ್ನೆ ಎಂದು ತಾಣವೇ ಬಾಯಿಬಿಟ್ಟು ಹೇಳಿದರೆ ಮಾತ್ರ ನಂಬಬೇಕು. ಪೇಟೆಯಿಲ್ಲದ ದಿನ ನನ್ನ ತಾಣ "ದಾಖಲೆಗಳಿಲ್ಲ" ಎಂಬ ಒಂದು ಸಾಲು ತೋರಿಸುತ್ತದೆ. ಈಗ ಅದನ್ನೇ ಸಾಕ್ಷಿಯಾಗಿ ಹಿಡಿದಿದ್ದೇನೆ:

```python
rows = soup.select("tr.rate-row")
if rows:
    status = "ok"
elif soup.select_one("p.no-data"):
    status = "closed"
else:
    status = "broken"
    Path("bad.html").write_bytes(resp.content)
```

`closed` ಆದರೆ ಸಂದೇಶವಿಲ್ಲ. ಆದರೆ ಸೋಮವಾರ ಅಥವಾ ಗುರುವಾರ `closed` ಬಂದರೆ ಒಂದು ಮೃದು ಸೂಚನೆ ಬರುತ್ತದೆ, ಹಬ್ಬವಿರಬಹುದು. `broken` ಆದರೆ ಅಂದಿನ ಮೆಸೇಜು ಚಂದಾದಾರರಿಗೆ ಹೋಗುವುದೇ ಇಲ್ಲ, ನನಗೆ ಗದ್ದಲದ ಸಂದೇಶ ಬರುತ್ತದೆ. ಅದರಲ್ಲಿ ಪುಟದ ವಿಳಾಸ, ಸ್ಟೇಟಸ್ ಕೋಡ್ ಮತ್ತು ಪುಟದ ಗಾತ್ರ ಇರುತ್ತವೆ. ಗಾತ್ರ ಎಂದಿನಷ್ಟೇ ಇದ್ದರೆ ವಿನ್ಯಾಸ ಬದಲಾಗಿರುವ ಸಾಧ್ಯತೆ ಹೆಚ್ಚು. ತೀರಾ ಕುಗ್ಗಿದ್ದರೆ ನಮ್ಮನ್ನು ತಡೆದು ಬೇರೆ ಪುಟ ಕೊಟ್ಟಿರಬಹುದು. `bad.html` ಉಳಿಸುವುದನ್ನು ಮಾತ್ರ ಬಿಡಬೇಡಿ. ಬೆಳಿಗ್ಗೆ ಎದ್ದು ತಾಣ ತೆರೆದರೆ ರಾತ್ರಿಯ ಪುಟ ಅಲ್ಲಿರುವುದಿಲ್ಲ, ಏನಾಗಿತ್ತೆಂದು ಊಹಿಸುತ್ತಾ ಕೂರಬೇಕಾಗುತ್ತದೆ.

ಎಣಿಸುವುದಾದರೆ ಸಾಲುಗಳನ್ನಲ್ಲ, ಕೊನೆಗೆ ಉಳಿಸಿದ ದರಗಳನ್ನು ಎಣಿಸಿ. ಮುಂದೊಮ್ಮೆ ಸಾಲುಗಳೆಲ್ಲ ಬಂದವು, ಒಳಗಿನ ದರದ ಕೋಶದ ಹೆಸರು ಬದಲಾಗಿ ಎಲ್ಲವೂ ಖಾಲಿ. ಸಾಲು ಎಣಿಸುವ ಕಾವಲುಗಾರನಿಗೆ ಅದು ಆರೋಗ್ಯವಂತ ದಿನ.

ಇಷ್ಟಾದರೂ ಒಂದು ರಂಧ್ರ ಉಳಿಯುತ್ತದೆ. ಸ್ಕ್ರಿಪ್ಟ್ ಓಡಲೇ ಇಲ್ಲದಿದ್ದರೆ ಸೊನ್ನೆಯನ್ನು ಹೇಳುವವರು ಯಾರು? ನನ್ನದು ಕಚೇರಿಯ ಕಂಪ್ಯೂಟರು, ಸಂಜೆ ಕರೆಂಟು ಹೋದರೆ ಅದೂ ಮೌನ, ಎಚ್ಚರಿಕೆಯೂ ಮೌನ. ಅದಕ್ಕಾಗಿ ಬೇರೊಂದು ಬಾಡಿಗೆ ಸರ್ವರಿನಿಂದ ದಿನವೂ ಬೆಳಿಗ್ಗೆ ಒಂದೇ ಪ್ರಶ್ನೆ ಕೇಳುತ್ತೇನೆ: ಕೊನೆಯ ಧಾರಣೆ ಎಷ್ಟು ದಿನ ಹಳೆಯದು? ಗುರುವಾರದಿಂದ ಸೋಮವಾರಕ್ಕೆ ನಾಲ್ಕು ದಿನ, ಅದೇ ಅತಿ ದೊಡ್ಡ ಸಹಜ ಅಂತರ. ನಾಲ್ಕನ್ನು ಮೀರಿದರೆ ಗಂಟೆ ಬಾರಿಸು. ಸೋಮವಾರದ ಪೇಟೆ ತಪ್ಪಿದರೆ ಮಂಗಳವಾರ ಬೆಳಿಗ್ಗೆಯೇ ಗೊತ್ತಾಗುತ್ತದೆ. ಗುರುವಾರದ್ದು ತಪ್ಪಿದರೆ ಶನಿವಾರ, ಅಂದರೆ ಆ ಶುಕ್ರವಾರದ ಖರೀದಿಯನ್ನು ಇದು ತಪ್ಪಿಸುತ್ತಿರಲಿಲ್ಲ. ಆದ್ದರಿಂದ ಇದು ಮೇಲಿನದಕ್ಕೆ ಬದಲಿಯಲ್ಲ, ಅದರ ಹಿಂದಿನ ಬೇಲಿ. ನಿಮ್ಮ ಡೇಟಾ ದಿನವೂ ಬದಲಾಗುವಂಥದ್ದಾದರೆ ಎರಡು ದಿನಕ್ಕೇ ಇಡಬಹುದು.

ಮೆಸೇಜಿನಲ್ಲಿ ಈಗ ಕಳಿಸಿದ ದಿನದ ಬದಲು ಪೇಟೆ ನಡೆದ ದಿನದ ತಾರೀಕು ಹೋಗುತ್ತದೆ. ಇದು ಐದು ನಿಮಿಷದ ಕೆಲಸವಾಗಿತ್ತು.

ಟೂಲ್ ಎಂದಿರಲ್ಲ, ನನ್ನದು ಇಂದಿಗೂ ಕ್ರಾನ್ ಮತ್ತು ಅದೇ ಟೆಲಿಗ್ರಾಂ ಗುಂಪು. ಮ್ಯೂಟ್ ತೆಗೆದಿದ್ದೇನೆ. ಅದಾದ ಮೇಲೆ ಮೊದಲ ತಿಂಗಳಲ್ಲಿ ಸ್ಕ್ರಿಪ್ಟಿನಿಂದ ಎರಡೇ ಸಂದೇಶ ಬಂದವು. ಒಂದು ಯುಗಾದಿಗೆ ಪೇಟೆ ಮುಚ್ಚಿದ್ದಕ್ಕೆ, ಇನ್ನೊಂದು ನಿಜವಾಗಿಯೂ `broken`. ಎರಡನ್ನೂ ತೆರೆದು ಓದಿದೆ.