ಜರಮಡಗು ಜಲಪಾತ ನೋಡಲು ಸರಿಯಾದ ಸಮಯ

ಮಳೆ ಆದಮೇಲೆ ಚಿಕ್ಕಬಳ್ಳಾಪುರದ ಕಡೆ ಯಾವ ಜಲಪಾತ ನೋಡಬಹುದು? ಯಾವಾಗ ಹೋಗಬೇಕು?

ಜರಮಡಗಿಗೆ ಹೋಗಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ, ಜೋರು ಮಳೆ ನಿಂತ ಮರುದಿನ ಬೆಳಿಗ್ಗೆ ಹೊರಡಿ. ಮಲೆನಾಡಿನ ಹಾಗೆ ಜುಲೈನಲ್ಲಿ ಬಂದರೆ ಬರೀ ಒದ್ದೆ ಬಂಡೆ ನೋಡಬೇಕಾದೀತು. ನಮ್ಮಲ್ಲಿ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ.

ಇಲ್ಲಿನದು ಬಂಡೆಗುಡ್ಡ, ಮೇಲೆ ಮಣ್ಣು ತೆಳು. ಬಿದ್ದ ಮಳೆ ಇಂಗದೆ ನೇರ ಹಳ್ಳಕ್ಕೆ ಓಡುತ್ತದೆ. ಅದಕ್ಕೇ ನೀರು ಬೇಗ ಬರುತ್ತದೆ, ಬೇಗ ಇಳಿಯುತ್ತದೆ. ಅಪಾಯವೂ ಇದರಲ್ಲೇ ಇದೆ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆಯಾದರೆ ಹಳ್ಳ ಏರಬಹುದು. ತಿಳಿನೀರು ಕೆಂಪಾದರೆ, ಎಲೆ ಕಡ್ಡಿ ತೇಲಿ ಬಂದರೆ, ಸದ್ದು ಜೋರಾದರೆ ಚೀಲ ಎತ್ತಿಕೊಳ್ಳಲೂ ನಿಲ್ಲಬೇಡಿ. ನೀವಿರುವ ದಡದಲ್ಲೇ ಮೇಲಕ್ಕೆ ಹತ್ತಿ, ಹಳ್ಳ ದಾಟಲು ಹೋಗಬೇಡಿ. ಪಾಚಿ ಹಿಡಿದ ಬಂಡೆ ಮೇಲೆ ಫೋಟೋಗೆ ನಿಲ್ಲುವುದಂತೂ ಬೇಡವೇ ಬೇಡ.