‘ಎಷ್ಟು ಸಪೂರ ಆಗಿದ್ದೀ ಮಾರಾಯ್ತಿ!’

ಮಾನ್ಯ ಸಂಪಾದಕರೇ,
ಕಳೆದ ತಿಂಗಳು ಉಡುಪಿಯಲ್ಲೊಂದು ಮದುವೆಯ ಊಟಕ್ಕೆ ಕೂತಾಗ ತಂಗಿಯ ಮಗಳನ್ನು ಕಂಡು, ‘ಎಷ್ಟು ಸಪೂರ ಆಗಿದ್ದೀ ಮಾರಾಯ್ತಿ, ಈಗ ಚಂದ ಕಾಣ್ತೀ’ ಎಂದೆ. ಹತ್ತೊಂಬತ್ತರ ಹುಡುಗಿ, ಐದು ಅಡಿ ಮೂರು ಇಂಚು ಎತ್ತರ. ಐದು ತಿಂಗಳಲ್ಲಿ 72 ಕಿಲೋದಿಂದ 58ಕ್ಕೆ ಇಳಿದಿದ್ದಾಳಂತೆ. ನನ್ನ ಮಾತು ಕೇಳಿದ್ದೇ ಎಲೆ ಬಿಟ್ಟು ಎದ್ದು ಹೋದಳು. ತಂಗಿಗೂ ನನ್ನ ಮೇಲೆ ಮುನಿಸು. ಹೊಗಳಿದ್ದೂ ತಪ್ಪೇ?
– ಓದುಗರೊಬ್ಬರು, ಬ್ರಹ್ಮಾವರ

ಮಾನ್ಯರೇ,

ನಿಮ್ಮ ಪತ್ರ ಓದುವಾಗ ನಮ್ಮ ಕಣ್ಣು ಮೊದಲು ನಿಂತದ್ದು ಆ ಅಂಕಿಗಳ ಮೇಲೆ. ಐದು ತಿಂಗಳಲ್ಲಿ 14 ಕಿಲೋ ಎಂದರೆ ದೇಹದ ತೂಕದಲ್ಲಿ ಹತ್ತಿರ ಹತ್ತಿರ ಐದರಲ್ಲೊಂದು ಪಾಲು. ಪ್ರಯತ್ನವಿಲ್ಲದೆ ಆರು ತಿಂಗಳು, ವರ್ಷದೊಳಗೆ ನೂರಕ್ಕೆ ಐದರಷ್ಟು, ಅವಳ ಲೆಕ್ಕದಲ್ಲಿ ಮೂರೂವರೆ ಕಿಲೋದಷ್ಟು, ಇಳಿದರೂ ಮಧುಮೇಹವೋ ಥೈರಾಯ್ಡೋ ಕ್ಷಯವೋ ಖಿನ್ನತೆಯೋ ಎಂದು ವೈದ್ಯರು ಹುಡುಕತೊಡಗುತ್ತಾರೆ. ಪ್ರಯತ್ನಪಟ್ಟೇ ಇಳಿಸಿದ್ದಾಳೆ ಎಂದಾದರೆ, ಏನು ತಿಂದು, ಏನು ಬಿಟ್ಟು ಇಳಿಸಿದಳು ಎಂದು ಕೇಳಬೇಕಾಗುತ್ತದೆ.

ದಪ್ಪಗಾಗುವ ಭಯದಿಂದ ಊಟ ಬಿಡಿಸುವ ಅನೊರೆಕ್ಸಿಯಾ ಎಂಬ ಕಾಯಿಲೆ ಎಲುಬು ಕಾಣುವಷ್ಟು ಬಡಕಲಾದವರಿಗೆ ಮಾತ್ರ ಎಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಮೊದಲು ದಪ್ಪವಿದ್ದವರು ಬಹಳ ತೂಕ ಕಳೆದುಕೊಂಡು, ನೋಡುವುದಕ್ಕೆ ಸಾಧಾರಣ ಮೈಕಟ್ಟಿನಲ್ಲೇ ಇದ್ದು, ಅದೇ ಕಾಯಿಲೆಯಿಂದ ನರಳುವುದುಂಟು. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ‘ಅಟಿಪಿಕಲ್ ಅನೊರೆಕ್ಸಿಯಾ’ ಎಂಬ ಹೆಸರಿದೆ. ನಾಡಿ ನಿಧಾನವಾಗುವುದು, ಎದ್ದು ನಿಂತರೆ ತಲೆ ಸುತ್ತುವುದು, ಮುಟ್ಟು ನಿಲ್ಲುವುದು, ನಮ್ಮ ಊರಿನ ಸೆಕೆಯಲ್ಲೂ ಚಳಿಯೆನ್ನುವುದು, ಕೂದಲು ಉದುರುವುದು ಎಲ್ಲವೂ ಅಲ್ಲಿಯೂ ಆಗಬಹುದು. ಎತ್ತರಕ್ಕೆ ತೂಕವನ್ನು ಹೋಲಿಸುವ ಬಿಎಂಐ ಲೆಕ್ಕದಲ್ಲಿ ನಿಮ್ಮ ಹುಡುಗಿಯ ಅಂಕಿ 28ರಿಂದ 22 ಚಿಲ್ಲರೆಗೆ ಇಳಿದಿದೆ. ಪಟ್ಟಿ ನೋಡಿದವರು ‘ಈಗ ಸರಿಯಾಯಿತು’ ಎಂದೇ ಹೇಳುತ್ತಾರೆ. ಹಾಗಾಗಿ ಇಂಥವರು ವೈದ್ಯರ ಬಳಿ ಹೋಗುವುದು ತಡವಾಗುತ್ತದೆ. ಅವಳಿಗೆ ಇದೇ ಇದೆ ಎಂದು ಪತ್ರ ನೋಡಿ ಹೇಳುವ ಅಧಿಕಾರ ನಮಗಿಲ್ಲ. ಆದರೆ ಇದ್ದಿದ್ದರೆ ನಿಮ್ಮ ಮಾತು ಅವಳ ಕಿವಿಗೆ ಹೇಗೆ ಬಿದ್ದಿರಬಹುದು ಎಂದು ಯೋಚಿಸಿ. ಎದುರಿಗೆ ಎಲೆ, ಎಲೆಯಲ್ಲಿ ಅನ್ನ, ಆ ಅನ್ನವನ್ನು ಉಣ್ಣಲೋ ಬಿಡಲೋ ಎಂದು ಒಳಗೇ ಹೋರಾಡುತ್ತಿರುವ ಹುಡುಗಿಗೆ, ಉಣ್ಣದೆ ಇದ್ದುದಕ್ಕೇ ಚಂದ ಕಾಣುತ್ತೀ ಎಂದು ದೊಡ್ಡಮ್ಮ ಹತ್ತು ಜನರ ಎದುರು ಹೇಳಿದಂತಾಯಿತು. ಜೊತೆಗೆ ‘ಈಗ’ ಎಂಬ ಆ ಒಂದು ಪದ, ಮೊದಲು ಚಂದವಿರಲಿಲ್ಲ ಎನ್ನುವುದನ್ನೂ ಹೇಳಿಬಿಟ್ಟಿತು. ನಾಳೆ ತೂಕ ಮರಳಿ ಬಂದರೆ ಇವರೆಲ್ಲ ಏನೆನ್ನುತ್ತಾರೆ ಎಂಬ ಚಿಂತೆ ಅವಳಿಗೆ ಆಗಲೇ ಹತ್ತಿರಬೇಕು.

ಈ ತಪ್ಪನ್ನು ನಾವೂ ಮಾಡಿದ್ದೇವೆ. ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡು ಬಂದಾಗ ‘ಏನು ಮಾರಾಯ್ರೆ, ಗುಟ್ಟು ನಮಗೂ ಹೇಳಿ’ ಎಂದು ಎರಡು ತಿಂಗಳು ನಗೆಯಾಡಿದೆವು. ಮೇಜಿನ ಮೇಲಿನ ನೀರಿನ ಬಾಟಲಿ ದಿನಕ್ಕೆ ನಾಲ್ಕು ಬಾರಿ ಖಾಲಿಯಾಗುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. ಮಧುಮೇಹವೆಂದು ಗೊತ್ತಾದದ್ದು ಅವರು ಆಸ್ಪತ್ರೆ ಸೇರಿದ ಮೇಲೆ.

ಹಾಗೆಂದು ‘ಎಂಥ ಸೊರಗಿ ಹೋಗಿದ್ದೀ’ ಎಂದರೆ ಸರಿಹೋಯಿತೇ? ಇಲ್ಲ. ಅನೊರೆಕ್ಸಿಯಾ ಇರುವವರಿಗೆ ಅದೂ ಶಹಭಾಸ್‌ಗಿರಿಯಂತೆ ಕೇಳಿಸುತ್ತದೆ. ಚೇತರಿಸಿಕೊಳ್ಳುತ್ತಿರುವವರಿಗೆ ‘ಈಗ ಮೈ ತುಂಬಿಕೊಂಡಿದ್ದೀ’ ಎಂದರೆ ಮತ್ತೆ ಊಟ ಬಿಡುವ ಅಪಾಯವಿದೆ. ಬದಲಾವಣೆ ಕಣ್ಣಿಗೆ ಬಿದ್ದರೂ ಮೈಯ ಮಾತು ಎತ್ತದೆ, ‘ನಿನ್ನನ್ನು ಕಾಣದೆ ಎಷ್ಟು ದಿನ ಆಯಿತು, ಬಾ ಇಲ್ಲಿ ಕೂತುಕೋ’ ಎನ್ನಬಹುದು. ಸೀರೆಯ ಬಣ್ಣ ಒಪ್ಪಿದರೆ ಸೀರೆಯನ್ನೇ ಹೊಗಳಿ. ಅವರಾಗಿ ‘ತೂಕ ಇಳಿಸಿದೆ’ ಎಂದರೆ ‘ಹೌದಾ, ಈಗ ಹೇಗನಿಸುತ್ತದೆ?’ ಎಂದು ಕೇಳಿ ಉತ್ತರಕ್ಕೆ ಕಾಯಿರಿ. ವೈದ್ಯರ ಸಲಹೆಯಂತೆ ದಿನಾ ಬೆಳಿಗ್ಗೆ ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ನಡೆದು ಸಕ್ಕರೆ ಹತೋಟಿಗೆ ತಂದವರಿದ್ದರೆ, ಕಿಲೋ ಲೆಕ್ಕ ಬಿಟ್ಟು, ಮಳೆಗಾಲದಲ್ಲೂ ತಪ್ಪದ ಆ ನಡಿಗೆಯನ್ನು ಮೆಚ್ಚಿ.

ಇನ್ನು ನಿಮ್ಮ ಕೆಲಸ. ಹುಡುಗಿಗೆ ಫೋನ್ ಮಾಡಿ, ‘ಆ ದಿನ ಎಲ್ಲರೆದುರು ನಿನ್ನ ಮೈಯ ಬಗ್ಗೆ ಮಾತಾಡಬಾರದಿತ್ತು, ತಪ್ಪಾಯಿತು’ ಎಂದಷ್ಟೇ ಹೇಳಿ. ‘ಒಳ್ಳೆಯದಕ್ಕೇ ಹೇಳಿದ್ದು’ ಎಂಬ ಬಾಲ ಬೇಡ. ತಂಗಿಯನ್ನು ಪ್ರತ್ಯೇಕವಾಗಿ ಕಂಡು, ಮಗಳು ಮನೆಯವರೊಡನೆ ಕೂತು ಉಣ್ಣುತ್ತಾಳೋ, ಮುಟ್ಟು ಸರಿಯಿದೆಯೋ ಎಂದು ವಿಚಾರಿಸಿ. ಸಂಶಯ ಬಂದರೆ ಮೊದಲು ವೈದ್ಯರು ನಾಡಿ, ಮಲಗಿದಾಗಿನ ಮತ್ತು ನಿಂತಾಗಿನ ರಕ್ತದೊತ್ತಡ, ಇಸಿಜಿ, ರಕ್ತದ ಪೊಟ್ಯಾಸಿಯಂ ನೋಡಲಿ. ತೂಕ ‘ಸರಿ’ ಇದೆ ಎಂದು ಹಿಂದೆ ಕಳುಹಿಸಿದರೆ, ಎಷ್ಟು ಇಳಿದಿದೆ ಎಂಬುದನ್ನು ತಂಗಿ ಒತ್ತಿ ಹೇಳಲಿ. ಮನಸ್ಸಿನ ನೆರವಿಗೆ ಸರಕಾರದ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಮದುವೆಯಲ್ಲಿ ಅವಳ ಪಕ್ಕದಲ್ಲೇ ಕೂತರೂ ಅವಳ ಎಲೆಯ ಕಡೆ ನೋಡಬೇಡಿ.

– ಸಂಪಾದಕರು